ನುಗ್ಗೆಕಾಯಿ: ನಾರು ಬೇಯಲ್ಲ, ಬೇಯೋದು ತಿರುಳು

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಮನೆಗೆ ಆರು ಜನ ಊಟಕ್ಕೆ ಬಂದಿದ್ರು. ನುಗ್ಗೆಕಾಯಿ ಹುಳಿ ಮಾಡೋಣ ಅಂತ ಬೇಳೆ ಜೊತೆಗೇ ಹೋಳುಗಳನ್ನೂ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದ್ರೆ ಹೋಳೇ ಇಲ್ಲ. ತಿರುಳೆಲ್ಲಾ ಬೇಳೇಲಿ ಕರಗಿಹೋಗಿತ್ತು, ಸಿಪ್ಪೆ ಬಿಚ್ಚಿಕೊಂಡು ಮೂರು ಮೂರು ಪಟ್ಟಿಯಾಗಿ ತೇಲ್ತಿತ್ತು, ಅದರಿಂದ ಬಿಟ್ಟುಕೊಂಡ ಎಳೆಗಳು ಹುಳಿ ತುಂಬಾ. ರುಚಿ ಚೆನ್ನಾಗೇ ಇತ್ತು, ಆದ್ರೆ ಅನ್ನ ಕಲಸಿ ಬಾಯಿಗಿಟ್ಟ ಪ್ರತಿ ತುತ್ತಲ್ಲೂ ಒಂದು ನಾರು ಸಿಗೋದು, ಬಂದವರು ಪಾಪ ಮಾತಾಡ್ತಾ ಮಾತಾಡ್ತಾನೇ ಬಾಯಿಂದ ಎಳೆ ತೆಗೆದು ತಟ್ಟೆ ಅಂಚಿಗೆ ಇಡ್ತಾ ಇದ್ರು. ಅದನ್ನ ನೋಡ್ತಾ ಬಡಿಸೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು.

ಮುಂದಿನ ಸಲ ಕುಕ್ಕರ್ ಬೇಡವೇ ಬೇಡ ಅಂತ ಪಾತ್ರೇಲಿ ಇಟ್ಟೆ. ಹುಣಸೆರಸದಲ್ಲೇ ಬೇಯಿಸಿದ್ರೆ ಹೋಳುಗಳಿಗೆ ಹುಳಿ ಚೆನ್ನಾಗಿ ಹಿಡಿಯುತ್ತೆ ಅಂದ್ಕೊಂಡು ಶುರುವಿನಲ್ಲೇ ರಸ ಸುರಿದುಬಿಟ್ಟೆ. ಹತ್ತು ನಿಮಿಷ ಆಯ್ತು, ಇಪ್ಪತ್ತು ಆಯ್ತು, ಅರ್ಧ ಗಂಟೆ ಆಯ್ತು, ಹೋಳು ಹಾಗೇ ಬಿರುಸಾಗಿದೆ. ಕಚ್ಚಿದ್ರೆ ತಿರುಳು ಸಿಪ್ಪೆ ಬಿಟ್ಟು ಬರ್ತಾನೇ ಇಲ್ಲ, ಹಲ್ಲಲ್ಲಿ ಕೆರೆದೂ ಕೆರೆದೂ ಕೊನೆಗೆ ನಾರನ್ನೇ ಜಗಿದಂಗಾಗ್ತಿತ್ತು. ಒಂದು ಸಲ ಜಾಸ್ತಿ ಬೆಂದು ನಾರು, ಇನ್ನೊಂದು ಸಲ ಬೇಯದೇ ನಾರು.

ಆ ವಾರ ಊರಿಂದ ದೊಡ್ಡಮ್ಮ ಬಂದಿದ್ರು. ತುಮಕೂರು ಕಡೆ ನಮ್ಮ ಅಜ್ಜಿ ಮನೆ ಹಿತ್ತಲಲ್ಲಿ ಎರಡು ನುಗ್ಗೆಮರ ಇದ್ದವು, ದೊಡ್ಡಮ್ಮ ಅಲ್ಲೇ ಬೆಳೆದೋರು, ನುಗ್ಗೆಕಾಯಿ ಅಂದ್ರೆ ಕಣ್ಮುಚ್ಕೊಂಡು ಮಾಡೋರು. ನನ್ನ ಹುಳಿಯಿಂದ ಒಂದು ಹೋಳು ತಗೊಂಡು ತಟ್ಟೆ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ನೋಡಿದ್ರು. "ನಾರು ಎಷ್ಟು ಬೇಯಿಸಿದ್ರೂ ನಾರೇ ಕಣಮ್ಮ. ನೀನು ಬೇಯಿಸ್ಬೇಕಾಗಿರೋದು ಒಳಗಿನ ತಿರುಳನ್ನ. ಅದು ಸಿಪ್ಪೆ ಬಿಟ್ಟು ಬರೋ ಹದಕ್ಕೆ ಬಂತಾ, ಮುಗೀತು, ಇಳಿಸ್ಬಿಡು" ಅಂದ್ರು. ಆಮೇಲೆ "ಹುಣಸೆಹಣ್ಣು ಯಾವಾಗ ಹಾಕ್ದೆ?" ಅಂತ ಕೇಳಿದ್ರು.

ಈ ಎರಡು ಮಾತಲ್ಲೇ ಎಲ್ಲಾ ಇದೆ. ಅದು ಯಾಕೆ ಹಾಗೆ ಅಂತ ನಂಗೆ ಅರ್ಥ ಆಗಿದ್ದು ಮಾತ್ರ ನಿಧಾನಕ್ಕೆ, ಎಷ್ಟೋ ಸಲ ಮಾಡಿ ನೋಡಿದ ಮೇಲೆ.

ಒಂದು ನುಗ್ಗೆಕಾಯಿನ ಅಡ್ಡಡ್ಡ ಕತ್ತರಿಸಿ ಬೆಳಕಿಗೆ ಹಿಡಿದು ನೋಡಿ. ಹೊರಗೆ ಹಸಿರು ಸಿಪ್ಪೆ, ಉದ್ದಕ್ಕೂ ಏಣು ಏಣಾಗಿ ಇರುತ್ತೆ. ಅದರ ಕೆಳಗೇ ಗಟ್ಟಿ ಪದರ, ನಾರಿರೋದು ಅಲ್ಲಿ. ಅದರೊಳಗೆ ಬೆಳ್ಳಗೆ ಸ್ಪಂಜಿನ ಥರ ಮೆತ್ತನೆ ತಿರುಳು, ಆ ತಿರುಳಲ್ಲಿ ಹುದುಗಿಕೊಂಡು ಬೀಜ. ಕಾಯಿ ಎಳೇದಾಗಿದ್ದಾಗ ಸಿಪ್ಪೆಯ ಎಳೆಗಳೂ ಮೆತ್ತಗೇ ಇರ್ತವೆ. ಬಲೀತಾ ಬಂದ ಹಾಗೆ ಆ ಎಳೆಗಳಲ್ಲಿ ಲಿಗ್ನಿನ್ ತುಂಬಿಕೊಳ್ಳುತ್ತೆ, ಮರದ ಕಟ್ಟಿಗೆಗೆ ಗಟ್ಟಿತನ ಕೊಡೋದು ಇದೇ ಲಿಗ್ನಿನ್. ಕಟ್ಟಿಗೆನ ನೀರಲ್ಲಿ ಕುದಿಸಿದ್ರೆ ಮೆತ್ತಗಾಗುತ್ತಾ? ಹಾಗೇ ಇದೂನೂ. ಒಂದು ವಿಷಲ್ ಆಗ್ಲಿ ಹತ್ತು ವಿಷಲ್ ಆಗ್ಲಿ, ನಾರು ನಾರಾಗೇ ಉಳಿಯುತ್ತೆ.

ತಿರುಳಿನ ಕಥೆ ಬೇರೆ. ಅದರ ಕಣಗಳನ್ನ ಒಂದಕ್ಕೊಂದು ಅಂಟಿಸಿ ಹಿಡ್ಕೊಂಡಿರೋದು ಪೆಕ್ಟಿನ್, ಜಾಮ್ ಗಟ್ಟಿಯಾಗೋದು ಯಾವುದರಿಂದಲೋ ಅದೇ. ಬಿಸಿ ನೀರಲ್ಲಿ ಅದು ನಿಧಾನಕ್ಕೆ ಸಡಿಲ ಆಗುತ್ತೆ, ತಿರುಳು ಮೆತ್ತಗಾಗುತ್ತೆ. ಆದ್ರೆ ನೀರಲ್ಲಿ ಹುಳಿ ಇದ್ರೆ ಪೆಕ್ಟಿನ್ ಸಡಿಲ ಆಗೋದು ತುಂಬಾ ನಿಧಾನ, ನಾನು ಹುಣಸೆರಸದಲ್ಲಿ ಅರ್ಧ ಗಂಟೆ ಕುದಿಸಿದ್ರೂ ಬೇಯದೇ ಇದ್ದಿದ್ದು ಅದಕ್ಕೇ. ಟೊಮೆಟೊ ಹಾಕೋರೂ ಇದನ್ನ ನೆನಪಿಟ್ಕೋಬೇಕು, ಅದೂ ಹುಳಿನೇ. ಬೋರ್‌ವೆಲ್ ನೀರಿನ ಸುಣ್ಣದ ಅಂಶ ಕೂಡ ಇದೇ ಕೆಲಸ ಮಾಡುತ್ತೆ, ಗಡಸು ನೀರಲ್ಲಿ ಬೇಳೆ ಬೇಯಲ್ಲ ಅಂತೀವಲ್ಲ, ತರಕಾರಿಗೂ ಅಷ್ಟೇ. ಬೆಂಗಳೂರಲ್ಲಿ ನಮ್ಮ ಮನೆಗೆ ಬೋರ್ ನೀರೇ ಬರೋದು, ಹಾಗಾಗಿ ನುಗ್ಗೆಕಾಯಿ ಬೇಯಿಸೋಕೆ ನಾನು ಕುಡಿಯೋ ನೀರನ್ನೇ ಬಳಸ್ತೀನಿ. ಬೇಗ ಬೇಯ್ಲಿ ಅಂತ ಚಿಟಿಕೆ ಸೋಡಾ ಹಾಕೋರಿದ್ದಾರೆ, ದಯವಿಟ್ಟು ಹಾಕ್ಬೇಡಿ, ತಿರುಳು ಲೋಳೆ ಆಗುತ್ತೆ, ನುಗ್ಗೆಕಾಯಿಗೆ ಅಂತ ಇರೋ ಆ ಘಮವೂ ಹೊರಟುಹೋಗುತ್ತೆ.

ನಾರು ಬೇಯಲ್ಲ ಅಂದ್ಮೇಲೆ ಅರ್ಧಕ್ಕಿಂತ ಜಾಸ್ತಿ ಕೆಲಸ ತರಕಾರಿ ಅಂಗಡೀಲೇ ಮುಗಿಯುತ್ತೆ. ಮಾರ್ಚ್‌ನಿಂದ ಜೂನ್ ತನಕ ಕಾಯಿ ಧಾರಾಳವಾಗಿ ಬರುತ್ತೆ, ಆರಿಸಿಕೊಳ್ಳೋಕೆ ಅವಕಾಶ ಇರುತ್ತೆ. ಚಳಿಗಾಲದಲ್ಲಿ ಕಮ್ಮಿ, ರೇಟೂ ಏರಿರುತ್ತೆ, ಸಿಕ್ಕಿದ್ದನ್ನ ತಗೊಂಡು ಬರೋ ಹಾಗಾಗುತ್ತೆ. ನಾವು ಚಿಕ್ಕವರಿದ್ದಾಗ ಹಿತ್ತಲ ಮರದಲ್ಲಿ ಬಿಡ್ತಿದ್ದದ್ದು ಗಿಡ್ಡ ಕಾಯಿ, ಒಂದಡಿ, ಹೆಚ್ಚಂದ್ರೆ ಒಂದೂವರೆ ಅಡಿ. ಈಗ ಮಾರ್ಕೆಟ್‌ನಲ್ಲಿ ಜಾಸ್ತಿ ಕಾಣೋದು ಉದ್ದನೆಯವು, ಪೆರಿಯಕುಳಂನ ತೋಟಗಾರಿಕೆ ಕಾಲೇಜಿನಿಂದ ಬಂದ ಪಿಕೆಎಂ-1 ತಳಿ, ನಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿ, ಈ ಥರದವು. ಪಿಕೆಎಂ-1 ಕಾಯಿ ಎರಡಡಿ ಹತ್ತಿರ ಇರುತ್ತೆ. ಹಾಗಾಗಿ ಉದ್ದ ಇದೆ ಅಂದ ತಕ್ಷಣ ಬಲಿತಿದೆ ಅಂತ ಅಲ್ಲ, ಗಿಡ್ಡ ಇದೆ ಅಂದ ತಕ್ಷಣ ಎಳೇದು ಅಂತಲೂ ಅಲ್ಲ. ನಮ್ಮಜ್ಜಿ ಮನೆ ಗಿಡ್ಡ ಕಾಯಿ ಒಂದು ವಾರ ಕೀಳೋದು ಮರೆತ್ರೆ ಕೋಲಾಗಿಬಿಡೋದು.

ನಾನು ನೋಡೋದು ಹೀಗೆ. ಕಾಯಿಯ ಎರಡೂ ತುದಿ ಹಿಡ್ಕೊಂಡು ಬಟ್ಟೆ ಹಿಂಡೋ ಥರ ಮೆಲ್ಲಗೆ ತಿರುಚಬೇಕು. ಎಳೆಯದು ಬಳುಕುತ್ತೆ, ಕೈಗೆ ಒಳಗಿನ ರಸ ಗೊತ್ತಾಗೋ ಹಾಗೆ ಮೆತ್ತಗೆ ತಿರುಗುತ್ತೆ. ಬಲಿತದ್ದು ಬಡಿಗೆ ಥರ ಸೆಟೆದುಕೊಂಡಿರುತ್ತೆ, ಜಾಸ್ತಿ ಬಲ ಹಾಕಿದ್ರೆ ಸಿಪ್ಪೆ ಉದ್ದಕ್ಕೆ ಬಿರಿಯುತ್ತೆ. ಆದ್ರೆ ಒಂದು ಮೋಸ ಇದೆ ಇಲ್ಲಿ, ಎರಡು ಮೂರು ದಿನ ಅಂಗಡೀಲಿ ಬಾಡಿದ ಕಾಯಿನೂ ಬಳುಕುತ್ತೆ. ಅದನ್ನ ಸಿಪ್ಪೆ ನೋಡಿ ಕಂಡುಹಿಡೀಬೇಕು, ಹೊಳಪಿರಲ್ಲ, ಸಣ್ಣ ಸುಕ್ಕು ಇರುತ್ತೆ, ಉಗುರು ಊರಿದ್ರೆ ಹಸಿ ಒಸರಲ್ಲ. ಆಮೇಲೆ ಕಾಯಿ ಉದ್ದಕ್ಕೂ ಬೆರಳು ಜಾರಿಸಿ ನೋಡಿ. ಬೀಜ ಇರೋ ಕಡೆಯೆಲ್ಲಾ ಗಂಟು ಗಂಟಾಗಿ ಉಬ್ಬಿ ಮಧ್ಯೆ ಮಧ್ಯೆ ತಗ್ಗಾಗಿದ್ರೆ ಬೀಜ ಬಲಿತಿದೆ, ಬಿಟ್ಟುಬಿಡಿ. ಪೆನ್ಸಿಲ್ ದಪ್ಪದ್ದೂ ನಂಗೆ ಬೇಡ, ನಾರೇನೋ ಇರಲ್ಲ, ತಿರುಳೂ ಇರಲ್ಲ, ಅದು ಸಿಪ್ಪೆ ಸಮೇತ ಪಲ್ಯಕ್ಕೆ ಸರಿ. ಹುಳಿಗೆ ನನ್ನ ಕಿರುಬೆರಳಿಗಿಂತ ಚೂರು ದಪ್ಪ ಇದ್ದು, ಮಟ್ಟಸವಾಗಿ ದುಂಡಗೆ, ಗಂಟು ಕಾಣದ ಹಾಗೆ ಇರೋದೇ ಬೇಕು. ಇನ್ನೊಂದು, ಎಲ್ಲಾ ಕಾಯಿನೂ ಒಂದೇ ಹದದ್ದು ಆರಿಸಬೇಕು. ಒಂದು ಎಳೇದು ಒಂದು ಬಲಿತದ್ದು ಒಂದೇ ಪಾತ್ರೆಗೆ ಬಿದ್ರೆ ಬಲಿತದ್ದು ಬೇಯೋಷ್ಟರಲ್ಲಿ ಎಳೇದು ಕರಗಿಹೋಗಿರುತ್ತೆ. ಕಟ್ಟು ಕಟ್ಟಿ ಮಾರೋ ಕಡೆ ಇದು ತುಂಬಾ ಆಗುತ್ತೆ, ಮೇಲೆ ಎರಡು ಎಳೇದು ಮಧ್ಯದಲ್ಲಿ ಒಂದು ಕೋಲು. ಕಟ್ಟು ಬಿಚ್ಚಿಸಿ ತಗೊಳ್ಳೋಕೆ ಸಂಕೋಚ ಪಡ್ಬೇಡಿ.

ಹೆಚ್ಚೋದು ಈಗ. ನಮ್ಮಜ್ಜಿ ಈಳಿಗೆಮಣೆ ಮುಂದೆ ಒಂದು ಕಾಲು ಮಡಿಸಿ ಕೂತು ನುಗ್ಗೆಕಾಯಿ ಹೆಚ್ಚೋದನ್ನ ನೋಡೋಕೇ ಚೆಂದ ಇತ್ತು. ಕಾಯಿನ ಈಳಿಗೆಗೆ ಒತ್ತಿ ಪೂರ್ತಿ ತುಂಡು ಮಾಡ್ತಿರ್ಲಿಲ್ಲ. ಮುಕ್ಕಾಲು ಭಾಗ ಕೊಯ್ದು ನಿಲ್ಲಿಸಿ, ಆ ತುಂಡನ್ನ ಹಾಗೇ ಕೆಳಕ್ಕೆ ಬಗ್ಗಿಸಿ ಎಳೀತಿದ್ರು. ಕೊಯ್ಯದೆ ಉಳಿದ ಕಡೆಯ ಸಿಪ್ಪೆ ಸರ್ ಅಂತ ಉದ್ದ ಎಳೆಯಾಗಿ ಕಿತ್ತುಬರೋದು. ಆಮೇಲೆ ಕಾಯಿನ ಸ್ವಲ್ಪ ಹೊರಳಿಸಿ ಮುಂದಿನ ತುಂಡು, ಅದರ ಎಳೆ ಇನ್ನೊಂದು ಕಡೆಯಿಂದ. ಹೀಗೆ ಒಂದು ಕಾಯಿ ಮುಗಿಯೋಷ್ಟರಲ್ಲಿ ಮೂರು ನಾಲ್ಕು ಕಡೆಯಿಂದ ಹೊರಗಿನ ನಾರು ಹೋಗಿರೋದು, ಮಧ್ಯೆ ಮಧ್ಯೆ ಹಸಿರು ಪಟ್ಟಿ ಉಳಿದಿರೋದು, ಮಣೆ ಪಕ್ಕ ನಾರಿನ ಒಂದು ಸಣ್ಣ ಗುಡ್ಡೆ. ನಾನು ಚಾಕುವಲ್ಲೂ ಹಾಗೇ ಮಾಡ್ತೀನಿ, ಈಳಿಗೆಮಣೆ ಇಲ್ದಿದ್ರೂ ಆಗುತ್ತೆ.

ಪೂರ್ತಿ ಸಿಪ್ಪೆ ಹೆರೆದುಬಿಟ್ರೆ ಇನ್ನೂ ಒಳ್ಳೇದಲ್ವಾ ಅಂತ ಅನ್ಸುತ್ತೆ, ನಾನೂ ಮಾಡಿ ನೋಡಿದೆ, ಒಳ್ಳೇದಲ್ಲ. ಸಿಪ್ಪೆನೇ ಹೋಳನ್ನ ಹಿಡ್ಕೊಂಡಿರೋದು, ಅದು ಹೋದ್ರೆ ಕುದಿಯೋವಾಗ ತಿರುಳು ಚೆಲ್ಲಿಹೋಗುತ್ತೆ. ಊಟಕ್ಕೆ ಕೂತಾಗ ಬೆರಳಲ್ಲಿ ಹಿಡಿಯೋಕೂ ಅದೇ ಬೇಕು. ಮೇಲಿನ ಸಡಿಲ ಎಳೆ ಮಾತ್ರ ಹೋಗ್ಲಿ, ಮಿಕ್ಕಿದ್ದು ಇರ್ಲಿ. ಹೋಳಿನ ಉದ್ದ ಎರಡೂವರೆ ಇಂಚು, ಅಂದ್ರೆ ನಾಲ್ಕು ಬೆರಳು ಜೋಡಿಸಿದ್ರೆ ಎಷ್ಟು ಅಗಲವೋ ಅದಕ್ಕಿಂತ ಸ್ವಲ್ಪ ಕಮ್ಮಿ. ತೀರಾ ಗಿಡ್ಡ ಮಾಡಿದ್ರೆ ತಿರುಳು ಎರಡೂ ಕಡೆಯಿಂದ ಜಾರಿ ಹೋಗುತ್ತೆ, ತೀರಾ ಉದ್ದ ಆದ್ರೆ ಬಾಯಿಗೆ ಇಡೋದು ಕಷ್ಟ. ಎರಡೂ ತುದಿಯ ಒಂದೊಂದು ಇಂಚು ಬಿಸಾಕ್ತೀನಿ, ಅಲ್ಲಿ ನಾರು ಬಿಟ್ರೆ ಏನೂ ಇರಲ್ಲ.

ಹೋದ ಭಾನುವಾರ ಮಾಡಿದ್ದನ್ನೇ ಹೇಳ್ತೀನಿ, ನಾಲ್ಕು ಜನಕ್ಕೆ. ಒಂದೂವರೆ ಅಡಿಯ ಮೂರು ಕಾಯಿ, ತುದಿ ತೆಗೆದು ಹೆಚ್ಚಿದಾಗ ಹದಿನೆಂಟು ಹೋಳಾಯ್ತು. ಮುಕ್ಕಾಲು ಲೋಟ ತೊಗರಿಬೇಳೆ, ಚೂರು ಎಣ್ಣೆ, ಅರಿಶಿನ ಹಾಕಿ ಕುಕ್ಕರಲ್ಲಿ ಬೇರೆಯಾಗೇ ಬೇಯಿಸಿಟ್ಟೆ, ಬೇಳೆಗೆ ಎಷ್ಟು ವಿಷಲ್ ಬೇಕೋ ಅಷ್ಟು ಕೂಗ್ಲಿ, ಅದಕ್ಕೂ ನುಗ್ಗೆಕಾಯಿಗೂ ಸಂಬಂಧ ಬೇಡ. ಇನ್ನೊಂದು ಅಗಲ ಪಾತ್ರೇಲಿ ಎರಡು ಲೋಟ ನೀರು ಕುದಿಯೋಕಿಟ್ಟು, ಒಂದು ಚಮಚ ಉಪ್ಪು, ಚಿಟಿಕೆ ಅರಿಶಿನ ಹಾಕಿದೆ. ಉಪ್ಪು ಮೊದಲೇ ಹಾಕೋದು ಯಾಕೆ ಅಂದ್ರೆ ಒಳಗಿನ ತಿರುಳಿಗೂ ಅದು ಇಳೀಬೇಕು, ಆಮೇಲೆ ಹಾಕಿದ ಉಪ್ಪು ರಸದಲ್ಲೇ ಉಳಿಯುತ್ತೆ, ಹೋಳು ಕಚ್ಚಿದ್ರೆ ಸಪ್ಪೆ. ನೀರು ಕುದಿ ಬಂದ್ಮೇಲೆ ಹೋಳು ಹಾಕಿದೆ. ಹೋಳು ಮುಳುಗೋಷ್ಟೇ ನೀರಿರ್ಬೇಕು, ಈ ನೀರನ್ನ ಚೆಲ್ಲೋದಿಲ್ಲ, ಹುಳಿಗೇ ಸೇರುತ್ತೆ. ಮುಚ್ಚಳ ಅರ್ಧ ಮುಚ್ಚಿ ಉರಿ ಮಧ್ಯಮಕ್ಕೆ ಇಳಿಸಿದೆ. ಕೊತಕೊತ ಜೋರಾಗಿ ಕುದಿಸಿದ್ರೆ ಹೋಳುಗಳು ಒಂದಕ್ಕೊಂದು ಬಡ್ಕೊಂಡು ಬಾಯಿ ಬಿಡ್ತವೆ, ಮೆಲ್ಲಗೆ ಗುಳುಗುಳು ಅಂತಿದ್ರೆ ಸಾಕು.

ಎಂಟು ನಿಮಿಷಕ್ಕೆ ಮೊದಲ ಸಲ ನೋಡಿದೆ. ಬಣ್ಣ ಅಚ್ಚ ಹಸಿರಿಂದ ಮಂಕಾಗೋಕೆ ಶುರುವಾಗಿತ್ತು. ಅತ್ಯಂತ ದಪ್ಪಗಿರೋ ಹೋಳನ್ನೇ ತೆಗೀಬೇಕು ನೋಡೋಕೆ, ತೆಳ್ಳಗಿರೋದು ಮೊದಲು ಬೆಂದು ಮೋಸ ಮಾಡುತ್ತೆ. ತಟ್ಟೆ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದೆ, ಬಗ್ಗಿತು, ಆದ್ರೆ ಬಿಡಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಇನ್ನೊಂದು ಸಲ. ಈ ಸಲ ಒತ್ತಿದ ತಕ್ಷಣ ಸಿಪ್ಪೆ ಮೇಲೆ ಉದ್ದಕ್ಕೊಂದು ಗೆರೆ ಮೂಡಿ ಚೂರೇ ಚೂರು ಬಾಯಿ ಬಿಡ್ತು, ತುದಿಯಿಂದ ತಿರುಳು ಒಂದು ಅಕ್ಕಿಕಾಳಿನಷ್ಟು ಹೊರಗೆ ಬಂತು. ಇದೇ ಹದ. ಒತ್ತದೇನೇ ಹೋಳು ತಾನಾಗೇ ಬಾಯಿ ಬಿಟ್ಕೊಂಡಿದ್ರೆ ಒಂದು ಹೆಜ್ಜೆ ಮುಂದೆ ಹೋಗಿದೆ ಅಂತ, ತಕ್ಷಣ ಉರಿ ಆರಿಸಿ. ಸಾಮಾನ್ಯ ಕಾಯಿಗೆ ಹತ್ತರಿಂದ ಹದಿನೈದು ನಿಮಿಷ ಆಗುತ್ತೆ, ನಿಮಿಷ ನಂಬ್ಕೊಂಡು ಕೂರೋದಕ್ಕಿಂತ ಹೆಬ್ಬೆರಳು ನಂಬಿ, ಪ್ರತಿ ಸಲದ ಕಾಯಿನೂ ಬೇರೆ.

ಹದ ಬಂದ ಮೇಲೇನೇ ಹುಣಸೆರಸ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ನೆನೆಸಿ ಕಿವುಚಿ ಹಾಕಿದೆ, ಎರಡು ಚಮಚ ಹುಳಿಪುಡಿ, ಸುಪಾರಿಯಷ್ಟು ಬೆಲ್ಲ, ಮಸೆದ ಬೇಳೆ. ಆಗ ಹುಣಸೆರಸದ ಆ ಗುಣ ನಮಗೇ ಅನುಕೂಲಕ್ಕೆ ಬರುತ್ತೆ, ಹುಳಿ ಬಿದ್ದ ಮೇಲೆ ಹೋಳು ಅಷ್ಟು ಬೇಗ ಇನ್ನೂ ಬೇಯೋದಿಲ್ಲ, ಹುಳಿಪುಡಿಯ ಹಸಿವಾಸನೆ ಹೋಗೋಕೆ ಐದು ನಿಮಿಷ ನಿಶ್ಚಿಂತೆಯಾಗಿ ಕುದಿಸಬಹುದು. ಸೌಟು ಹಾಕಿ ತಿರುಗಿಸುವಾಗ ಮಾತ್ರ ಪಾತ್ರೆ ಅಂಚಿನಿಂದ ಮೆಲ್ಲಗೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟೆ. ಆ ಇಪ್ಪತ್ತು ನಿಮಿಷದಲ್ಲಿ ಹೋಳು ರಸ ಎಳ್ಕೊಳ್ಳುತ್ತೆ, ಶುರುವಿನಿಂದ ಹುಣಸೆರಸದಲ್ಲಿ ಬೇಯಿಸ್ಬೇಕು ಅನ್ನೋ ನನ್ನ ಹಳೇ ಆಸೆ ಹೀಗೂ ಈಡೇರುತ್ತೆ.

ಉತ್ತರ ಕರ್ನಾಟಕದ ಗೆಳತಿಯೊಬ್ಬಳು ನುಗ್ಗಿಕಾಯಿ ಪಲ್ಯಕ್ಕೆ ಶೇಂಗಾಪುಡಿ, ಗುರೆಳ್ಳುಪುಡಿ ಹಾಕಿ ಮಾಡ್ತಾಳೆ, ರೊಟ್ಟಿಗೆ ಅದರಷ್ಟು ರುಚಿ ಇನ್ನೊಂದಿಲ್ಲ ಅಂತ ನಂಗೆ ಅನ್ಸುತ್ತೆ. ಅವಳೂ ಮೊದಲು ಉಪ್ಪು ನೀರಲ್ಲಿ ಬೇಯಿಸಿಕೊಂಡೇ ಆಮೇಲೆ ಹುಳಿ ಖಾರ. ಮಸಾಲೆ ಏನೇ ಇರ್ಲಿ, ಬೇಯಿಸೋ ಕ್ರಮ ಇದೇ.

ಅಷ್ಟೆಲ್ಲಾ ನೋಡಿ ತಂದ್ರೂ ಒಂದೊಂದು ಸಲ ಬಲಿತ ಕಾಯಿ ಸಿಕ್ಕಿಬಿಡುತ್ತೆ. ಹೆಚ್ಚುವಾಗ ಚಾಕು ಕಟಕಟ ಅಂದ್ರೆ, ಎಳೆ ಎಳೆದ್ರೆ ದಾರದ ಥರ ಬೆರಳು ಕೊಯ್ಯೋ ಹಾಗಿದ್ರೆ, ಒಳಗೆ ಬೀಜದ ಮೇಲೆ ಕಂದು ಬಣ್ಣದ ಗಟ್ಟಿ ಸಿಪ್ಪೆ ಬಂದಿದ್ರೆ, ಅದನ್ನ ಹೋಳು ಮಾಡಿ ಹುಳಿಗೆ ಹಾಕ್ಬೇಡಿ, ಯಾರಿಗೂ ತಿನ್ನೋಕಾಗಲ್ಲ. ಆದ್ರೆ ಬಿಸಾಕೋದೂ ಬೇಡ. ಇದಕ್ಕೆ ಮಾತ್ರ ಕುಕ್ಕರ್ ಸರಿ. ಉದ್ದುದ್ದ ತುಂಡು ಮಾಡಿ ಉಪ್ಪು ಹಾಕಿ ಎರಡು ವಿಷಲ್ ಕೂಗಿಸಿ, ಆರಿದ ಮೇಲೆ ಬಿಡಿಸಿ, ಚಮಚದ ಅಂಚಲ್ಲಿ ತಿರುಳನ್ನ ಕೆರೆದು ತೆಗೀರಿ. ಗಟ್ಟಿ ಬೀಜ ಆರಿಸಿ ಬಿಸಾಕಿ. ತಿರುಳಲ್ಲಿ ಒಂದೆರಡು ಎಳೆ ಸೇರ್ಕೊಂಡಿದ್ರೆ ತೂತಿನ ಜರಡೀಲಿ ಒತ್ತಿ ಸೋಸಿದ್ರೆ ಆಯ್ತು. ನಾಲ್ಕು ಕಾಯಿಂದ ಒಂದು ಸಣ್ಣ ಬಟ್ಟಲು ತಿರುಳು ಸಿಗುತ್ತೆ, ಅದಕ್ಕೆ ಹುಣಸೆರಸ, ಬೆಲ್ಲ, ಗೊಜ್ಜಿನ ಪುಡಿ ಹಾಕಿ ಗೊಜ್ಜು ಮಾಡಿದ್ರೆ ಒಂದು ನಾರಿಲ್ಲದೆ ಬೆಣ್ಣೆ ಥರ ಇರುತ್ತೆ.

ಇನ್ನು ತಿನ್ನೋದು. ನುಗ್ಗೆಕಾಯಿ ಅಂದ್ರೆ ಇಷ್ಟ, ಆದ್ರೆ ಎಲ್ಲರ ಮುಂದೆ ಹೇಗೆ ತಿನ್ನೋದು ಅಂತ ಹೋಳನ್ನ ಹಾಗೇ ಬಿಟ್ಟು ಏಳೋರನ್ನ ತುಂಬಾ ನೋಡಿದ್ದೀನಿ, ಅದರಲ್ಲೂ ಮದುವೆ ಊಟದಲ್ಲಿ. ಬಿಟ್ಟು ಏಳೋಕೆ ಏನೂ ಕಾರಣ ಇಲ್ಲ, ಚೊಕ್ಕಟವಾಗಿ ತಿನ್ನೋಕೆ ಬರುತ್ತೆ.

ಬಡಿಸಿದ ತಕ್ಷಣ ಬಾಯಿಗೆ ಇಡ್ಬೇಡಿ, ಹೊರಗೆ ಆರಿದಂಗೆ ಕಂಡ್ರೂ ಒಳಗೆ ಕುದಿಯೋ ರಸ ತುಂಬ್ಕೊಂಡಿರುತ್ತೆ, ನಾಲಿಗೆ ಸುಡುತ್ತೆ. ಹೋಳುಗಳನ್ನ ಅನ್ನದಿಂದ ಪಕ್ಕಕ್ಕೆ ತೆಗೆದಿಟ್ಟು ಮೊದಲು ನಾಲ್ಕು ತುತ್ತು ಹುಳಿಯನ್ನ ತಿನ್ನಿ, ಅಷ್ಟರಲ್ಲಿ ಹದವಾಗಿ ಆರುತ್ತೆ. ಎಲ್ಲಾ ಹೋಳನ್ನೂ ಕೊನೆಗೆ ಉಳಿಸ್ಕೊಳ್ಳೋದು ಬೇಡ, ಅಷ್ಟು ಹೊತ್ತಿಗೆ ತಣ್ಣಗಾಗಿ ರುಚಿ ಇಳಿದಿರುತ್ತೆ, ಪಕ್ಕದವರು ಮೊಸರನ್ನಕ್ಕೆ ಬಂದಿರ್ತಾರೆ.

ಒಂದು ಹೋಳು ತಗೊಂಡು ಮೊದಲು ಒಂದು ತುದಿ ತುಟಿಗಿಟ್ಟು ಸದ್ದಾಗದ ಹಾಗೆ ಒಳಗಿನ ರಸ ಹೀರ್ಕೊಳ್ಳಿ. ಇದನ್ನ ಮಾಡದೆ ನೇರ ಕಚ್ಚಿದ್ರೆ ಇನ್ನೊಂದು ತುದಿಯಿಂದ ರಸ ಚಿಮ್ಮಿ ಅಂಗಿ ಮೇಲೆ ಬೀಳುತ್ತೆ. ಆಮೇಲೆ ಬಿಡಿಸೋದು. ನುಗ್ಗೆಕಾಯಿಯ ಸಿಪ್ಪೆ ಮೂರು ಪಟ್ಟಿ ಸೇರಿ ಆಗಿರುತ್ತೆ, ಸರಿಯಾಗಿ ಬೆಂದಿದ್ರೆ ಆ ಸಂದಿನಲ್ಲೇ ಬಿಡುತ್ತೆ. ಎಡಗೈ ಎಂಜಲು ಮಾಡ್ಕೊಳ್ಳೋದು ಬೇಡ ಅನ್ನೋರು ಒಂದೇ ಕೈಯಲ್ಲಿ ಹೀಗೆ ಮಾಡಬಹುದು: ಹೋಳನ್ನ ಎಲೆ ಮೇಲೆ ಮಲಗಿಸಿ, ತೋರುಬೆರಳಲ್ಲಿ ಒಂದು ತುದಿ ಅದುಮಿ ಹಿಡ್ಕೊಂಡು, ಹೆಬ್ಬೆರಳನ್ನ ಅಲ್ಲಿಂದ ಇನ್ನೊಂದು ತುದಿಗೆ ಒತ್ತುತ್ತಾ ಜಾರಿಸ್ಬೇಕು. ಪುಸ್ತಕ ತೆರೆದಂಗೆ ತೆರ್ಕೊಳ್ಳುತ್ತೆ. ನಮ್ಮ ಮನೆ ಮಕ್ಕಳಿಗೆ ಇದನ್ನ ಕಲಿಸೋಕೆ ಎರಡೇ ಊಟ ಸಾಕಾಯ್ತು.

ತೆರೆದ ಪಟ್ಟಿಯನ್ನ ಒಂದು ತುದೀಲಿ ಹಿಡ್ಕೊಂಡು, ತಿರುಳಿರೋ ಮುಖ ಕೆಳಗೆ ಮಾಡಿ, ಕೆಳಗಿನ ಮುಂದಿನ ಹಲ್ಲಿಗೆ ತಾಗಿಸಿ ಮೆಲ್ಲಗೆ ಹೊರಗೆ ಎಳೀಬೇಕು. ಹಲ್ಲು ಕಚ್ಚಬಾರದು, ಬರೀ ತಡೀಬೇಕು. ಜೋರಾಗಿ ಕಚ್ಚಿ ಎಳೆದ್ರೇನೇ ನಾರು ಕಿತ್ಕೊಂಡು ಬಾಯಿಗೆ ಬರೋದು, ತುಂಬಾ ಜನ ನಾರು ನಾರು ಅಂತ ಬೇಜಾರು ಮಾಡ್ಕೊಳ್ಳೋದು ಇಲ್ಲೇ. ಸರಿಯಾಗಿ ಬೆಂದಿದ್ರೆ ಒಂದೇ ಎಳೆತಕ್ಕೆ ತಿರುಳು, ಎಳೇ ಬೀಜ ಎಲ್ಲಾ ನಾಲಿಗೆ ಮೇಲೆ, ಕೈಯಲ್ಲಿ ತೆಳ್ಳಗಿನ ಹಸಿರು ಪಟ್ಟಿ ಮಾತ್ರ. ತೀರಾ ಎಳೇ ಕಾಯಾದ್ರೆ ಬಿಡಿಸೋದೂ ಬೇಡ, ಇಡೀ ಹೋಳು ಬಾಯಿಗಿಟ್ಟು ಜಗಿದು ರಸ ನುಂಗಿ ಚರಟ ತೆಗೆದಿಡಬಹುದು. ನಮ್ಮಪ್ಪ ಹಾಗೇ ತಿನ್ನೋದು. ಮನೇಲಿ ಸರಿ, ಹೊರಗಡೆ ಊಟದಲ್ಲಿ ನಾನು ಎಳೆಯೋ ವಿಧಾನವೇ ಮಾಡ್ತೀನಿ, ತೆಗೆದಿಟ್ಟದ್ದು ನೋಡೋಕೂ ಚೊಕ್ಕಟ.

ತಿಂದ ಸಿಪ್ಪೆನ ಎಲ್ಲೆಂದ್ರಲ್ಲಿ ಹರಡದೆ ಎಲೆಯ ಒಂದು ಮೂಲೇಲಿ ಒಂದರ ಮೇಲೊಂದು ಜೋಡಿಸಿಡಿ, ಉಪ್ಪು, ಕೋಸಂಬರಿ, ಪಲ್ಯ ಇರೋ ಕಡೆ ಅಲ್ಲ. ಮನೇಲಿ ಸ್ಟೀಲ್ ತಟ್ಟೆ ಆದ್ರೆ ನಾನು ನುಗ್ಗೆಕಾಯಿ ಮಾಡಿದ ದಿನ ಇಬ್ಬರ ಮಧ್ಯೆ ಒಂದು ಖಾಲಿ ಬಟ್ಟಲು ಇಟ್ಟುಬಿಡ್ತೀನಿ. ಬಡಿಸೋರಿಗೂ ಒಂದು ಮಾತು, ಒಂದೇ ಸಲ ಐದಾರು ಹೋಳು ಹಾಕ್ಬೇಡಿ, ಎರಡು ಹಾಕಿ, ಅದು ಮುಗಿದ ಮೇಲೆ ಬೇಕಾ ಅಂತ ಕೇಳಿ.

ನಮ್ಮ ಮಾವನವರಿಗೆ ಈಗ ಹಲ್ಲಿನ ಸೆಟ್ಟು. ಎಳೆದು ತಿನ್ನೋಕೆ ಹೋದ್ರೆ ಸೆಟ್ಟೇ ಅಲ್ಲಾಡುತ್ತೆ ಅಂತ ಎರಡು ವರ್ಷ ನುಗ್ಗೆಕಾಯಿ ಮುಟ್ಟೇ ಇರ್ಲಿಲ್ಲ, ನಂಗೆ ಗೊತ್ತೇ ಆಗಿರ್ಲಿಲ್ಲ, ಇಷ್ಟ ಇಲ್ಲವೇನೋ ಅಂದ್ಕೊಂಡಿದ್ದೆ. ಒಂದಿನ ಅತ್ತೆ ಹೇಳಿದ್ರು. ಈಗ ಅವರ ಪಾಲಿನ ಹೋಳನ್ನ ಅಡುಗೆಮನೇಲೇ ಬಿಡಿಸಿ, ಚಮಚದ ಅಂಚಲ್ಲಿ ತಿರುಳು ಕೆರೆದು, ಬಿಸಿ ಅನ್ನದ ಮೇಲೆ ಹಾಕಿ ಹುಳಿ ಬಡಿಸ್ತೀನಿ. ಚಿಕ್ಕ ಮಕ್ಕಳಿಗೂ ಹೀಗೇ. ಹೋದ ಭಾನುವಾರ ಹಾಗೆ ಬಡಿಸಿ ಒಳಗೆ ಹೋಗ್ತಿದ್ದಾಗ ಮಾವ ಕರೆದು "ಒಂದು ಇಡೀ ಹೋಳೂ ಹಾಕಮ್ಮ, ರಸ ಹೀರ್ಕೊಂಡು ಇಡ್ತೀನಿ" ಅಂದ್ರು. ಎರಡು ಹಾಕಿದೆ.

ಮಿಕ್ಕ ಹುಳಿ ರಾತ್ರಿಗೆ ಬಿಸಿ ಮಾಡೋವಾಗ ಹೋಳುಗಳನ್ನ ಮೊದಲು ಒಂದು ತಟ್ಟೆಗೆ ಎತ್ತಿಟ್ಕೊಳ್ಳಿ. ಬೇಳೆ ತಳ ಹಿಡಿದಿರುತ್ತೆ, ಸೌಟು ಆಡಿಸ್ಬೇಕಾಗುತ್ತೆ, ಹೋಳು ಅದರಲ್ಲೇ ಇದ್ರೆ ಒಡೆದು ನಾರೆಲ್ಲಾ ಬಿಟ್ಕೊಳ್ಳುತ್ತೆ. ಹುಳಿ ಚೆನ್ನಾಗಿ ಕುದಿದು ಉರಿ ಆರಿಸಿದ ಮೇಲೆ ಹೋಳು ವಾಪಸ್ ಹಾಕಿ ಮುಚ್ಚಿಡಿ, ಐದು ನಿಮಿಷದಲ್ಲಿ ಅವೂ ಬಿಸಿಯಾಗಿರ್ತವೆ.